ಗಂಟೆಗೆ 90 ಲೈನ್ ಎತ್ತಿದವನು ನಿಜಕ್ಕೂ ಮುಂದಿದ್ದಾನಾ?

ಗೋದಾಮಿನ ಗೋಡೆಯ ಮೇಲೆ ಒಂದು ಬೋರ್ಡ್. ಯಾರು ಗಂಟೆಗೆ ಎಷ್ಟು ಲೈನ್ ಎತ್ತಿದರು ಎಂಬ ಪಟ್ಟಿ ಅದರಲ್ಲಿದೆ. ಲೈನ್ ಅಂದರೆ ಆರ್ಡರಿನ ಒಂದು ಸಾಲು: ಇಂಥ ಸಾಮಾನು, ಇಷ್ಟು. ಮೇಲಿನ ಹೆಸರಿನ ಎದುರು 90, ಕೆಳಗಿನ ಹೆಸರಿನ ಎದುರು 62. ಮೊದಲನೆಯವನಿಗೆ ಶಹಬ್ಬಾಸ್, ಕೊನೆಯವನಿಗೆ ಬುದ್ಧಿಮಾತು. ಇಂಥ ಬೋರ್ಡ್ ನಾನೂ ಒಮ್ಮೆ ತೂಗುಹಾಕಿದ್ದೆ. ಎರಡೇ ವಾರದಲ್ಲಿ ವೇಗ ಏರಿತು. ಆಮೇಲೆ ಗ್ರಾಹಕರಿಂದ ವಾಪಸ್ ಬರುವ ಪೆಟ್ಟಿಗೆಗಳೂ ಏರಿದವು.

ಪಿಕ್ಕಿಂಗ್ ತಂಡಕ್ಕೆ, ಅಂದರೆ ರ್‍ಯಾಕಿನಿಂದ ಸಾಮಾನು ಎತ್ತಿ ಪ್ಯಾಕಿಂಗ್ ಮೇಜಿಗೆ ತರುವವರಿಗೆ, ಅಳತೆ ಇಡುವುದು ಹೇಗೆ ಎಂದು ನೋಡೋಣ.

ಮೊದಲು ಕಳ್ಳದಾರಿಗಳ ಪಟ್ಟಿ ಮಾಡಿ

ಅಳತೆ ಜಾರಿಗೆ ಬರುವ ಮುಂಚೆ ಒಂದು ಗಂಟೆ ಪಿಕ್ಕರ್‌ಗಳ ಜೊತೆ ಕೂತು, "ಕೆಲಸ ಮಾಡದೆಯೇ ಈ ಸಂಖ್ಯೆ ಏರಿಸಬೇಕು ಅಂದ್ರೆ ಏನು ಮಾಡ್ತೀರಿ?" ಎಂದು ಕೇಳಿ. ಯಾರನ್ನೂ ದೂರುವುದಿಲ್ಲ ಎಂಬ ಮಾತು ಕೊಟ್ಟರೆ ಉತ್ತರಗಳು ಧಾರಾಳವಾಗಿ ಬರುತ್ತವೆ. ಹತ್ತಿರದ ರ್‍ಯಾಕಿನ ಆರ್ಡರ್ ಆರಿಸಿಕೊಳ್ಳುವುದು. 12 ಬಾಟಲಿ ಬೇಕಿದ್ದರೆ ಒಂದನ್ನು ಸ್ಕ್ಯಾನ್ ಮಾಡಿ 12 ಎಂದು ಒತ್ತಿಬಿಡುವುದು. ಮೇಲಿನ ಅಟ್ಟಣಿಗೆ ಹತ್ತಬೇಕಾದಾಗ "ಸಾಮಾನು ಇಲ್ಲ" ಎಂಬ ಗುಂಡಿ ಒತ್ತಿ ಮುಂದೆ ಹೋಗುವುದು. ಹಾನಿಯಾದ ಪೊಟ್ಟಣವನ್ನು ಸುಮ್ನೆ ಹಿಂದಕ್ಕೆ ತಳ್ಳುವುದು.

ಎಲ್ಲವನ್ನೂ ನಿಯಮ ಮಾಡಿ ತಡೆಯಲು ಹೋಗಬೇಡಿ. ನೀವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ. ಕಳ್ಳದಾರಿ ಹಿಡಿದರೆ ಲಾಭವೇ ಇಲ್ಲ ಎನ್ನುವ ಹಾಗೆ ಅಳತೆಯನ್ನೇ ಬದಲಿಸುವುದು ಸುಲಭ.

ಲೈನ್ ಬದಲು ಸಮಯ ಎಣಿಸಿ

ಎಲ್ಲ ಲೈನೂ ಒಂದೇ ಅಲ್ಲ, ಅಲ್ವಾ? ಕೈಗೆ ಸಿಗುವ ಎತ್ತರದ, ಹತ್ತಿರದ ಸಾಮಾನಿಗೆ 35 ಸೆಕೆಂಡು ಸಾಕು. ದೂರದ ಸಾಲಿನಲ್ಲಿ, ಮೇಲಿನ ಅಟ್ಟಣಿಗೆಯಲ್ಲಿ ಇರುವುದಕ್ಕೆ 75 ಸೆಕೆಂಡು ಹಿಡಿಯಬಹುದು. ಇವು ಉದಾಹರಣೆಗೆ ಇಟ್ಟುಕೊಂಡ ಅಂಕಿಗಳು. ನಿಮ್ಮ ಗೋದಾಮಿನ ಅಂಕಿ ನಿಮ್ಮ ಸ್ಕ್ಯಾನರಿನಲ್ಲೇ ಇದೆ. ಒಂದು ಸ್ಕ್ಯಾನ್‌ಗೂ ಮುಂದಿನದಕ್ಕೂ ನಡುವಿನ ಸಮಯ ತೆಗೆದುಕೊಂಡು, ಊಟದ ವಿರಾಮದಂಥ ದೊಡ್ಡ ಅಂತರಗಳನ್ನು ಬಿಡಿ. ಉಳಿದವನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ನಟ್ಟನಡುವೆ ಇರುವುದನ್ನು ಆರಿಸಿ. ಗಡಿಯಾರ ಹಿಡಿದು ಪಕ್ಕದಲ್ಲಿ ನಿಂತು ಅಳೆಯುವುದು ಬೇಡ. ನೋಡುತ್ತಿದ್ದಾರೆ ಎಂದು ಗೊತ್ತಾದರೆ ಯಾರ ನಡಿಗೆಯೂ ಬದಲಾಗುತ್ತದೆ.

ಈಗ ಬೋರ್ಡಿನ ಇಬ್ಬರಿಗೆ ಬನ್ನಿ. ವಿರಾಮ ಕಳೆದು ಶಿಫ್ಟಿನಲ್ಲಿ 7 ಗಂಟೆ, ಅಂದರೆ 25,200 ಸೆಕೆಂಡು ಕೆಲಸ. ಗಂಟೆಗೆ 90 ಎತ್ತಿದವನದು 630 ಲೈನ್, ಎಲ್ಲವೂ ಹತ್ತಿರದವು. 630ನ್ನು 35ರಿಂದ ಗುಣಿಸಿದರೆ 22,050 ಸೆಕೆಂಡಿನ ಕೆಲಸ. ಗಂಟೆಗೆ 62 ಎತ್ತಿದವನದು 434 ಲೈನ್. ಅದರಲ್ಲಿ 200 ಹತ್ತಿರದವು, 234 ದೂರದವು. ಅವನದು 7,000 ಮತ್ತು 17,550 ಕೂಡಿ 24,550 ಸೆಕೆಂಡಿನ ಕೆಲಸ. ಮೊದಲನೆಯವನು ತನ್ನ ಸಮಯದ 87.5 ಶೇಕಡಾ ಕೆಲಸ ತೋರಿಸಿದರೆ, ಬುದ್ಧಿಮಾತು ಕೇಳಿಸಿಕೊಂಡವನು 97 ಶೇಕಡಾಕ್ಕಿಂತ ಜಾಸ್ತಿ ತೋರಿಸಿದ್ದಾನೆ. ಬೋರ್ಡ್ ತಲೆಕೆಳಗಾಗಿತ್ತು!

ಇದರ ಜೊತೆಗೆ ಆರ್ಡರ್ ಹಂಚುವ ಕೆಲಸವನ್ನು ಸಿಸ್ಟಮ್‌ಗೆ ಬಿಡಿ, ಪಿಕ್ಕರ್ ಆರಿಸುವುದು ಬೇಡ. "ಸಾಮಾನು ಇಲ್ಲ" ಎಂದು ಒತ್ತಿದ ಜಾಗಕ್ಕೆ ಅದೇ ದಿನ ಬೇರೊಬ್ಬರು ಹೋಗಿ ನೋಡಲಿ. ನಿಜಕ್ಕೂ ಖಾಲಿ ಇದ್ದರೆ ಪಿಕ್ಕರ್‌ಗೆ ಆ ಲೈನಿನ ಸಮಯ ಪೂರ್ತಿ ಸಿಗಬೇಕು. ಖಾಲಿ ಜಾಗ ಹೇಳಿದ್ದಕ್ಕೆ ನಷ್ಟವಾದರೆ ಯಾರೂ ಹೇಳುವುದಿಲ್ಲ.

ತಪ್ಪನ್ನು ಬೇರೆಯವರು ಎಣಿಸಲಿ

ವೇಗದ ಅಳತೆಯನ್ನು ಒಂಟಿಯಾಗಿ ಇಡಲೇಬಾರದು. ಅದರ ಪಕ್ಕದಲ್ಲಿ ಸರಿತನದ ಅಳತೆ ಇರಬೇಕು, ಆ ಅಂಕಿ ಪಿಕ್ಕರ್‌ಗಳ ಕೈಗೆ ಸಿಗದ ಜಾಗದಿಂದ ಬರಬೇಕು. ಗ್ರಾಹಕರ ದೂರಿನಿಂದ ಮಾತ್ರ ಎಣಿಸಿದರೆ ಸಾಲದು. ಜಾಸ್ತಿ ಬಂದ ಬಾಟಲಿಯ ಬಗ್ಗೆ ಎಷ್ಟು ಜನ ದೂರು ಕೊಡುತ್ತಾರೆ? ಪ್ಯಾಕಿಂಗ್ ಮೇಜಿನವರು ಹಿಡಿದ ತಪ್ಪನ್ನು ಪಿಕ್ಕರ್ ಹೆಸರಿಗೆ ಬರೆಯುವುದೂ ಕೆಡುತ್ತದೆ. "ಸ್ವಲ್ಪ ನೋಡ್ಕೋ ಮಾರಾಯ" ಎಂಬ ಒಂದು ಮಾತಿಗೆ ಲೆಕ್ಕ ಕರಗಿಹೋಗುತ್ತದೆ.

ನಾನು ನಂಬುವ ದಾರಿ ಹೀಗಿದೆ. ದಿನಕ್ಕೆ 30 ಪೆಟ್ಟಿಗೆಗಳನ್ನು ಸಿಸ್ಟಮ್ ಚೀಟಿ ಎತ್ತಿದ ಹಾಗೆ ಆರಿಸುತ್ತದೆ. ಪಿಕ್ಕಿಂಗ್ ತಂಡದವರಲ್ಲದ ಒಬ್ಬರು ಅವನ್ನು ಬಿಚ್ಚಿ ಎಣಿಸುತ್ತಾರೆ. ಎಷ್ಟು ಇರಬೇಕು ಎಂಬುದು ಅವರ ತೆರೆಯ ಮೇಲೆ ಕಾಣಬಾರದು. ಕಂಡರೆ ಕಣ್ಣು ಅದೇ ಸಂಖ್ಯೆಯನ್ನು ಎಣಿಸಿಬಿಡುತ್ತದೆ. ತಪ್ಪು ಸಿಕ್ಕಾಗ ಕಾರಣವನ್ನೂ ಬರೆಯಬೇಕು: ಒಂದೇ ಬಣ್ಣದ ಎರಡು ಸಾಮಾನು ಅಕ್ಕಪಕ್ಕ ಇತ್ತೋ, ಬಾರ್‌ಕೋಡ್ ಹರಿದಿತ್ತೋ, "1" ಅಂದರೆ ಬಿಡಿಯೋ ಆರರ ಕಟ್ಟೋ ಎಂಬ ಗೊಂದಲವೋ.

ಇಲ್ಲಿ ಮ್ಯಾನೇಜರ್‌ಗಳು ಎಡವುವ ಒಂದು ಜಾಗವಿದೆ. 12 ಪಿಕ್ಕರ್‌ಗಳು ಇದ್ದಾರೆ, ವಾರಕ್ಕೆ 6 ದಿನ ಕೆಲಸ ಅನ್ನಿ. ನಾಲ್ಕು ವಾರಕ್ಕೆ 720 ಪೆಟ್ಟಿಗೆ, ತಲೆಗೆ ಸುಮಾರು 60. ಎಲ್ಲರೂ ಸರಿಸಮ, ಎಲ್ಲರದೂ 100ಕ್ಕೆ 1 ತಪ್ಪು ಎಂದೇ ಇಟ್ಟುಕೊಳ್ಳಿ. ಆಗಲೂ 60 ಪೆಟ್ಟಿಗೆಯಲ್ಲಿ ಒಂದೂ ತಪ್ಪು ಸಿಗದಿರುವ ಸಾಧ್ಯತೆ 55 ಶೇಕಡಾದಷ್ಟಿದೆ. ಅಂದರೆ ಆರೇಳು ಜನ ಶುದ್ಧ ಚಿನ್ನದಂತೆ ಕಾಣುತ್ತಾರೆ, ಉಳಿದವರು ಒಂದೋ ಎರಡೋ ತಪ್ಪಿನಿಂದ ಕಳಪೆ ಅನ್ನಿಸಿಕೊಳ್ಳುತ್ತಾರೆ. ಅದು ಬರೀ ಅದೃಷ್ಟ. ಹಾಗಾಗಿ ಈ ಅಂಕಿಯನ್ನು ಇಡೀ ತಂಡಕ್ಕೆ ಮಾತ್ರ ಬಳಸಿ. ಒಬ್ಬೊಬ್ಬರ ಮೇಲೆ ಬೋನಸ್ ಕಟ್ಟಿದರೆ ಅದು ಲಾಟರಿ ಆಗುತ್ತದೆ.

ಹೇಳಿದವನಿಗೆ ಪೆಟ್ಟು ಬೀಳದಿರಲಿ

ತಾನೇ ಕಂಡು ಹೇಳಿದ ತಪ್ಪು, ಹಾನಿ, ತಪ್ಪು ಜಾಗದಲ್ಲಿದ್ದ ಸಾಮಾನು ಇವುಗಳಿಗೆ ಬೇರೆ ಪುಸ್ತಕ ಇಡಿ. ಶುರುವಿನಲ್ಲಿ ಅದರ ಸಂಖ್ಯೆ ಏರುತ್ತದೆ. ಗಾಬರಿ ಬೇಡ, ಮುಂಚೆ ಬಚ್ಚಿಟ್ಟಿದ್ದು ಈಗ ಹೊರಬರುತ್ತಿದೆ. ಯಾರಾದರೂ ಈ ಸಂಖ್ಯೆಗೆ "ಇಷ್ಟೇ ಇರಬೇಕು" ಎಂಬ ಗುರಿ ಹಾಕಿದ ದಿನ ಪುಸ್ತಕ ಖಾಲಿಯಾಗುತ್ತದೆ.

ಎಂಟು ವಾರ ಸುಮ್ಮನೆ ಓಡಿಸಿ

ಸಂಬಳಕ್ಕೋ ಬೋನಸ್‌ಗೋ ಕಟ್ಟದೆ ಮೊದಲ ಎಂಟು ವಾರ ಅಂಕಿಗಳನ್ನು ನೋಡಿ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಬರೆಯುತ್ತಾ ಹೇಳಿದ್ದು ಇಲ್ಲಿಗೂ ಒಪ್ಪುತ್ತದೆ: ಹಿಡಿತ ಸಾಧಿಸಲು ಒಂದು ಅಂಕಿಯ ಮೇಲೆ ಒತ್ತಡ ಹಾಕಿದರೆ, ಅದು ಅಲ್ಲಿಯವರೆಗೆ ತೋರಿಸುತ್ತಿದ್ದ ಸಂಬಂಧ ಕುಸಿಯುತ್ತದೆ. ಒತ್ತಡ ಬೀಳುವ ಮುಂಚಿನ ಅಂಕಿ ಕೈಯಲ್ಲಿದ್ದರೆ, ಆಮೇಲೆ ಏನು ಕೆಟ್ಟಿತು ಎಂದು ಹೋಲಿಸಬಹುದು.

ಮೋಸ ನಡೆಯುತ್ತಿದೆ ಎಂದು ತಿಳಿಯುವುದು ಹೇಗೆ? ವೇಗ ಏರಿದ ವಾರಗಳಲ್ಲೇ ಸ್ಟಾಕ್ ಎಣಿಕೆಯ ತಿದ್ದುಪಡಿಗಳೂ ಏರುತ್ತವೆ. ಒತ್ತಿದ ಪ್ರಮಾಣ 12, ಸ್ಕ್ಯಾನ್ ಮಾತ್ರ 1 ಎಂಬ ಸಾಲುಗಳು ಜಾಸ್ತಿಯಾಗುತ್ತವೆ. ಶಿಫ್ಟಿನ ಕೊನೆಯ ಅರ್ಧ ಗಂಟೆಯಲ್ಲಿ ಲೈನ್‌ಗಳು ಮಳೆಯಂತೆ ಸುರಿಯುತ್ತವೆ. ವಾಪಸ್ ಬಂದ ಪೆಟ್ಟಿಗೆಯನ್ನು ದೂರು ಬಂದ ದಿನಕ್ಕೆ ಬರೆಯಬೇಡಿ, ಎತ್ತಿದ ದಿನಕ್ಕೆ ಬರೆಯಿರಿ. ಇಲ್ಲದಿದ್ದರೆ ಹಳೆಯ ತಪ್ಪು ಹೊಸ ವಾರದ ತಲೆಗೆ ಬರುತ್ತದೆ.

ಇಡೀ ತಂಡದ ತಪ್ಪು ಎರಡು ತಿಂಗಳು ಸತತ ಸೊನ್ನೆ ಬಂದರೆ ಸಿಹಿ ಹಂಚಬೇಡಿ. ನೀವೇ ಹೋಗಿ 30 ಪೆಟ್ಟಿಗೆ ಬಿಚ್ಚಿ ಎಣಿಸಿ.