ಲಾ, ಲಮ್, ಲನ್, ಮಾ, ಲೈಸ: ಕನ್ನಡದ ಬಾಲ ಹಿಡಿದು ಕಲಿಸಿದ ನನ್ನ ಅನುಭವ

ಮಂಗಳೂರಿನಲ್ಲಿ ಗಲ್ಫ್‌ಗೆ ಹೊರಡುವ ಹುಡುಗರಿಗೆ ಸಂಜೆ ಹೊತ್ತು ಅರಬ್ಬಿ ಬರವಣಿಗೆ ಕಲಿಸಲು ಶುರು ಮಾಡಿ ಹತ್ತು ವರ್ಷದ ಮೇಲಾಯಿತು. ಬರುವವರೆಲ್ಲ ಕ್ಲರ್ಕ್, ಸ್ಟೋರ್‌ಕೀಪರ್, ಆಸ್ಪತ್ರೆ ಕೌಂಟರಿನ ಕೆಲಸಕ್ಕೆ ಹೋಗುವವರು. ಹೆಚ್ಚಿನವರು ಮದ್ರಸದಲ್ಲಿ ಓದಿದವರು, ಅಕ್ಷರ ಬರುತ್ತದೆ, ಸ್ವರಚಿಹ್ನೆಗಳಾದ ಹರಕತ್ ಗೊತ್ತು, ವರ್ತಮಾನ-ಭವಿಷ್ಯದ ಕ್ರಿಯಾರೂಪವಾದ ಮುದಾರಿ ಅಂದರೆ ಏನು ಎಂದು ಹೇಳಿಕೊಡಬೇಕಾಗಿಲ್ಲ. ತೊಡಕು ಇದ್ದದ್ದು ಅರಬ್ಬಿಯಲ್ಲಿ ‘ಇಲ್ಲ’, ‘ಅಲ್ಲ’, ‘ಬೇಡ’ ಎನ್ನುವ ಐದು ಪದಗಳಲ್ಲಿ: ಲಾ, ಲಮ್, ಲನ್, ಮಾ, ಲೈಸ. ಅಂಥವರೂ ‘ನಾನು ನಿನ್ನೆ ಬರಲಿಲ್ಲ’ ಎಂದು ಬರೆ ಅಂದರೆ ‘ಲಮ್ ಹದರ್ತು’ ಅಂತಲೋ ‘ಲಾ ಹದರ್ತು’ ಅಂತಲೋ ಬರೆಯುತ್ತಿದ್ದರು. ಕನ್ನಡದಿಂದಲೇ ಇದನ್ನು ಕಲಿಸಬಹುದು ಎಂದಾಗ ಊರಿನ ನಾಲ್ಕೈದು ಉಸ್ತಾದರು ಒಪ್ಪಲಿಲ್ಲ. ಈಗ ಅವರಲ್ಲೇ ಇಬ್ಬರು ತಮ್ಮ ದರ್ಸ್‌ನ ಹುಡುಗರನ್ನು ಈ ಒಂದು ಪಾಠಕ್ಕೆಂದೇ ನನ್ನ ಹತ್ತಿರ ಕಳಿಸುತ್ತಾರೆ. ಹಾಗಾಗಿ ಬರೆದಿಡುತ್ತಿದ್ದೇನೆ.

ಮೊದಲು ನಡೆಯದೆ ಹೋದದ್ದನ್ನು ಹೇಳುತ್ತೇನೆ. ಎಲ್ಲರೂ ಮಾಡುವ ಹಾಗೆ ನಾನೂ ಕೋಷ್ಟಕ ಮಾಡಿಸಿದೆ. ಲಾ ಬಂದರೆ ಕ್ರಿಯಾಪದ ಮರ್ಫೂ, ಅಂದರೆ ಕೊನೆಗೆ ‘ಉ’; ಲಮ್ ಬಂದರೆ ಮಜ್ಝೂಮ್, ಕೊನೆಗೆ ಸ್ವರವಿಲ್ಲ; ಲನ್ ಬಂದರೆ ಮನ್ಸೂಬ್, ಕೊನೆಗೆ ‘ಅ’; ಲೈಸ ಬಂದರೆ ಖಬರ್, ಅಂದರೆ ಏನಲ್ಲ ಎಂದು ಹೇಳುವ ಪದ, ಮನ್ಸೂಬ್. ಐದು ಬಣ್ಣದಲ್ಲಿ ಗೋಡೆ ಚಾರ್ಟ್, ಜೊತೆಗೆ ಒಂದೊಂದು ಕೈಪಿಡಿ. ಪ್ರಿಂಟಿಂಗ್‌ಗೆ ಎಂಟು ಸಾವಿರದ ಹತ್ತಿರ ಹೋಯಿತು. ಹುಡುಗರು ಅದನ್ನು ಬಾಯಿಪಾಠ ಒಪ್ಪಿಸಿದರು, ಪರೀಕ್ಷೆಯಲ್ಲಿ ಪದದ ಕೊನೆಯ ಬದಲಾವಣೆಯಾದ ಇಅ್‌ರಾಬ್ ಸರಿಯಾಗಿ ಹೇಳಿದರು, ಪತ್ರ ಬರೆ ಅಂದರೆ ಮತ್ತೆ ‘ಲಮ್ ಹದರ್ತು’. ಯಾಕೆಂದರೆ ಕೋಷ್ಟಕ ಹೇಳುವುದು ಪದ ಆರಿಸಿದ ಮೇಲೆ ಕ್ರಿಯಾಪದಕ್ಕೆ ಏನಾಗುತ್ತದೆ ಎಂದು. ಯಾವ ಪದ ಆರಿಸಬೇಕು ಎಂಬುದನ್ನು ಅದು ಹೇಳುವುದಿಲ್ಲ. ಆ ಬ್ಯಾಚಿನಲ್ಲಿ ಅರ್ಧದಷ್ಟು ಹುಡುಗರು ನಡುವೆಯೇ ಬಿಟ್ಟರು. ತಿಂಗಳಿಗೆ ಸಾವಿರದೈನೂರು ಫೀಸು, ಇಬ್ಬರಿಗೆ ವಾಪಸ್ ಕೊಟ್ಟೆ.

ಆಮೇಲೆ ಉರ್ದು ಮೂಲಕ ಕಲಿಸಿ ನೋಡಿದೆ. ಅದೂ ಕೈ ಹಿಡಿಯಲಿಲ್ಲ. ಉರ್ದುವಿನ ‘ನಹೀಂ’ ಒಂದೇ ಪದ ಲಾ, ಲಮ್, ಲನ್, ಲೈಸ ನಾಲ್ಕಕ್ಕೂ ನಿಲ್ಲುತ್ತದೆ. ‘ಮತ್’ ಮಾತ್ರ ಬೇರೆ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದ ಭಾಷೆಯಿಂದ ಐದು ಬೇರೆ ಬೇರೆ ಪದ ಹೆಕ್ಕುವುದು ಕಷ್ಟ. ಕನ್ನಡ ಹಾಗಲ್ಲ. ಬರಲಿಲ್ಲ, ಬರುವುದಿಲ್ಲ, ಬರಬೇಡ, ಅಲ್ಲ, ಇಲ್ಲ: ಅರಬ್ಬಿ ಬೇರೆ ಮಾಡಿದ್ದನ್ನು ನಾವು ಮೊದಲೇ ಬೇರೆ ಮಾಡಿ ಇಟ್ಟಿದ್ದೇವೆ. ತುಳು ಮನೆಮಾತಿನ ಹುಡುಗರಿಗೂ ‘ಇಜ್ಜಿ’, ‘ಅತ್ತ್’ ಬೇರೆ ಬೇರೆಯೇ, ಅವರೂ ಬೇಗ ಹಿಡಿಯುತ್ತಾರೆ.

ನನ್ನ ಕ್ರಮದಲ್ಲಿ ಹುಡುಗ ಮೊದಲು ವಾಕ್ಯವನ್ನು ಕನ್ನಡದಲ್ಲಿ ಬರೆದು ಅದರ ಬಾಲಕ್ಕೆ ಗೆರೆ ಎಳೆಯಬೇಕು. ‘-ಲಿಲ್ಲ’ ಎಂದು ಮುಗಿದರೆ ಲಮ್. ಇಲ್ಲಿ ಕನ್ನಡ ಬಹಳ ಸಹಾಯ ಮಾಡುತ್ತದೆ. ‘ಬರಲಿಲ್ಲ’ ಭೂತಕಾಲವೇ ಆದರೂ ಅದರೊಳಗೆ ‘ಬಂದ’ ಎಂಬುದು ಎಲ್ಲೂ ಇಲ್ಲ. ಅರಬ್ಬಿಯಲ್ಲೂ ಅಷ್ಟೇ. ಲಮ್ ಬಂದ ಮೇಲೆ ಭೂತಕಾಲದ ಮಾದಿ ರೂಪ ಬರುವಂತಿಲ್ಲ, ಮುದಾರಿಯೇ ಬರಬೇಕು, ಕಾಲದ ಭಾರ ಪೂರ್ತಿ ಲಮ್ ಮೇಲೆ. “ಬಂದಲಿಲ್ಲ ಅಂತ ಹೇಳ್ತೀಯಾ?” ಎಂದು ಕೇಳಿದರೆ ಸಾಕು, ಹುಡುಗ ತಾನೇ ‘ಲಮ್ ಹದರ್ತು’ ಹೊಡೆದುಹಾಕಿ ‘ಲಮ್ ಅಹ್‌ದುರ್’ ಬರೆಯುತ್ತಾನೆ.

‘ಬೇಡ’, ‘ಬೇಡಿ’ ಬಂದರೆ ಲಾ, ಕ್ರಿಯಾಪದ ಮಜ್ಝೂಮ್. ‘ಅಲ್ಲ’ ಬಂದರೆ ಲೈಸ, ಬರೀ ‘ಇಲ್ಲ’ ಬಂದರೂ ಲೈಸ. ‘ಅಲ್ಲ’, ಲೈಸ ಎರಡಕ್ಕೂ ಕಾಲವಿಲ್ಲ. ಆದರೆ ‘ಅಲ್ಲ’ ಯಾರಿಗಾದರೂ ಒಂದೇ, ಲೈಸ ಮಾತ್ರ ಲಸ್ತು, ಲಸ್ತ, ಲೈಸತ್ ಎಂದು ಬದಲಾಗುತ್ತದೆ. ಅದಕ್ಕೆ ಒಂದು ಸಂಜೆ ಬೇಕು.

ಕನ್ನಡ ಕೈಕೊಡುವುದು ‘-ಉವುದಿಲ್ಲ’ದಲ್ಲಿ. ‘ಅವನು ಕಾಫಿ ಕುಡಿಯುವುದಿಲ್ಲ’ ಎಂದರೆ ಅವನ ಅಭ್ಯಾಸವೂ ಆಗಬಹುದು, ನಾಳಿನ ಮಾತೂ ಆಗಬಹುದು. ಉಸ್ತಾದರ ತಕರಾರು ಇದ್ದದ್ದು ಇಲ್ಲೇ, ಅದು ನ್ಯಾಯವಾದ ತಕರಾರು. ಅದಕ್ಕೆ ನಾನು ಹಾಕಿದ ಪರೀಕ್ಷೆ ಇದು: ವಾಕ್ಯಕ್ಕೆ ‘ದಿನಾ’ ಸೇರಿಸಿ ಓದು, ಮತ್ತೆ ‘ಇನ್ನು ಮುಂದೆ’ ಸೇರಿಸಿ ಓದು. ಹೇಳಬೇಕೆಂದಿದ್ದ ಅರ್ಥ ಮೊದಲನೆಯದರಲ್ಲಿ ಕೂತರೆ ಲಾ ಯಶ್ರಬು, ಎರಡನೆಯದರಲ್ಲಿ ಕೂತರೆ ಲನ್ ಯಶ್ರಬ. ಲನ್ ಬಂದಲ್ಲಿ ಭವಿಷ್ಯ ತೋರಿಸುವ ಸ, ಸೌಫ ಎರಡನ್ನೂ ಕಿತ್ತುಹಾಕಬೇಕು. ‘ಲನ್ ಸಯಶ್ರಬು’ ಎಂದು ಬರೆದವನು ಈ ಪರೀಕ್ಷೆ ಮಾಡದೆ ಅಂದಾಜಿನಲ್ಲಿ ಬರೆದಿದ್ದಾನೆ ಎಂದೇ ಲೆಕ್ಕ.

ಮಾ ಎಲ್ಲಿ ಹೋಯಿತು ಎಂದು ಕೇಳುತ್ತೀರಿ. ಮೊದಲ ಮೂರು ತಿಂಗಳು ಬರವಣಿಗೆಯಿಂದ ಮಾ ತೆಗೆದೇ ಹಾಕಿದೆ. ಜೋರು ವಿರೋಧ ಬಂದದ್ದು ಇದಕ್ಕೇ. ಕುರ್‌ಆನ್ ತುಂಬ ಮಾ ಇದೆ, ಅದನ್ನು ಬಿಟ್ಟು ಕಲಿಸುವುದು ಹೇಗೆ ಎಂದರು. ಓದಲಿ, ಬರೆಯುವುದು ಬೇಡ ಎಂದೆ. ‘ಮಾ ಹದರ್ತು’ ಶುದ್ಧ ಅರಬ್ಬಿಯೇ, ತಪ್ಪೇನಿಲ್ಲ. ಆದರೆ ಅದು ಮಾದಿ ರೂಪವನ್ನು ಹಾಗೇ ಉಳಿಸಿಕೊಳ್ಳುವುದರಿಂದ ಸುಲಭದ ದಾರಿ ಆಗಿಬಿಡುತ್ತದೆ. ಒಮ್ಮೆ ಅದು ಕೈಗೆ ಹತ್ತಿದರೆ ಹುಡುಗ ಲಮ್ ಕಡೆ ತಿರುಗಿಯೂ ನೋಡುವುದಿಲ್ಲ. ಇವತ್ತಿನ ಕಚೇರಿ ಪತ್ರ, ಪತ್ರಿಕೆಗಳಲ್ಲಿ ಭೂತಕಾಲದ ನಿಷೇಧಕ್ಕೆ ಹೆಚ್ಚಾಗಿ ಕಾಣುವುದು ಲಮ್. ಸಾಲದ್ದಕ್ಕೆ ಮಾ ಪ್ರಶ್ನೆಯೂ ಆಗುತ್ತದೆ, ‘ಯಾವುದನ್ನು’ ಎಂಬ ಅರ್ಥದ ಮೌಸೂಲವೂ ಆಗುತ್ತದೆ. ‘ಲಾ ಅಅ್‌ಬುದು ಮಾ ತಅ್‌ಬುದೂನ್’ ಎಲ್ಲರಿಗೂ ಬಾಯಿಪಾಠ. ಅಲ್ಲಿ ನಿಷೇಧ ಇರುವುದು ಲಾದಲ್ಲಿ ಮಾತ್ರ, ಮಾ ಎಂದರೆ ‘ನೀವು ಯಾವುದನ್ನು ಆರಾಧಿಸುತ್ತೀರೋ ಅದನ್ನು’. ಇದನ್ನು ಕೇಳಿದರೆ ಹತ್ತು ಜನರಲ್ಲಿ ಏಳೆಂಟು ಜನ ಎರಡೂ ನಿಷೇಧವೇ ಎನ್ನುತ್ತಾರೆ. ಮಾತಿಗೆ ಬಂದರೆ ಲೆಕ್ಕ ತಲೆಕೆಳಗು. ಗಲ್ಫ್‌ನ ಅಂಗಡಿ, ಸೈಟುಗಳಲ್ಲಿ ಕ್ರಿಯಾಪದಕ್ಕೆ ಸಾಮಾನ್ಯವಾಗಿ ಮಾ, ಲೈಸ ಇರಬೇಕಾದಲ್ಲಿ ಮೂ ಅಥವಾ ಮುಬ್. ಅದನ್ನು ನಾಲ್ಕನೇ ತಿಂಗಳು ಬೇರೆ ನೋಟ್‌ಬುಕ್ಕಿನಲ್ಲೇ ಕಲಿಸುತ್ತೇನೆ.

ಎರಡನೇ ಬದಲಾವಣೆ ನನಗೆ ಹೆಚ್ಚು ಹೆಮ್ಮೆಯದು. ಎಲ್ಲ ಚಾರ್ಟುಗಳೂ ‘ಬರೆದ’ ಎಂಬ ಅರ್ಥದ ‘ಕತಬ’ದಿಂದ ಶುರುವಾಗುತ್ತವೆ. ಹರಕತ್ ಇಲ್ಲದೆ ಬರೆದಾಗ ಲಾ ಯಕ್ತುಬು, ಲಮ್ ಯಕ್ತುಬ್, ಲನ್ ಯಕ್ತುಬ ಮೂರರಲ್ಲೂ ಕ್ರಿಯಾಪದದ ಅಕ್ಷರಗಳು ಒಂದೇ. ಹುಡುಗ ತಪ್ಪಿದರೂ ಕಾಗದದ ಮೇಲೆ ಕಾಣುವುದಿಲ್ಲ, ಮೇಷ್ಟ್ರು ಸರಿ ಹಾಕಿಬಿಡುತ್ತಾರೆ. ನಾನು ಕತಬ ಬಿಟ್ಟು ‘ಹೇಳಿದ’ ಎಂಬ ಅರ್ಥದ ‘ಖಾಲ’ ತಗೊಂಡೆ. ಲಾ ಯಖೂಲು, ಲನ್ ಯಖೂಲ ಎರಡರಲ್ಲೂ ‘ಊ’ ತೋರಿಸುವ ವಾವ್ ಅಕ್ಷರ ಉಳಿಯುತ್ತದೆ, ಲಮ್ ಯಖುಲ್‌ನಲ್ಲಿ ವಾವ್ ಬಿದ್ದುಹೋಗುತ್ತದೆ. ಆ ವಾವ್ ಇದೆಯೋ ಇಲ್ಲವೋ ನೋಡಿದರೆ ಹುಡುಗನಿಗೆ ಅರ್ಥ ಆಯಿತೋ ಇಲ್ಲವೋ ತಕ್ಷಣ ತಿಳಿಯುತ್ತದೆ. ಖಾಲ, ಕಾನ, ನಾಮ, ಝಾರ ಈ ನಾಲ್ಕು ಮೊದಲು, ಕತಬ ಆಮೇಲೆ. ಹೊಸಬರಿಗೆ ಹೀಗೆ ನಡುವಿನ ಅಕ್ಷರ ಬದಲಾಗುವ ಅಜ್ವಫ್ ಕ್ರಿಯಾಪದ ಮೊದಲೇ ಕೊಟ್ಟರೆ ಹೆದರುತ್ತಾರೆ ಎಂದವರಿದ್ದರು. ಯಾರೂ ಹೆದರಲಿಲ್ಲ.

ಬಹುವಚನಕ್ಕೆ ಹೋದರೆ ಈ ಗುರುತು ಕೆಲಸ ಮಾಡುವುದಿಲ್ಲ, ನೆನಪಿರಲಿ. ಲಾ ಯಖೂಲೂನ ಎಂಬಲ್ಲಿ ನೂನ್ ಇರುತ್ತದೆ. ಲಮ್ ಯಖೂಲೂ, ಲನ್ ಯಖೂಲೂ ಎರಡರಲ್ಲೂ ನೂನ್ ಹೋಗುತ್ತದೆ, ವಾವ್ ವಾಪಸ್ ಬರುತ್ತದೆ, ಎರಡೂ ಒಂದೇ ಆಗಿಬಿಡುತ್ತವೆ. ಅಲ್ ಬಖರದ 24ನೇ ಆಯತ್ತು ನೋಡಿ: ‘ಫಇನ್ ಲಮ್ ತಫ್‌ಅಲೂ ವಲನ್ ತಫ್‌ಅಲೂ’. ನೀವು ಮಾಡದೇ ಹೋದರೆ, ಮಾಡಲಾರಿರಿ ಕೂಡ. ಕ್ರಿಯಾಪದ ಎರಡು ಕಡೆಯೂ ಒಂದೇ, ಅರ್ಥ ಬೇರೆ ಮಾಡುತ್ತಿರುವುದು ಲಮ್, ಲನ್ ಮಾತ್ರ. ಇದೊಂದನ್ನು ಬೋರ್ಡಿನ ಮೇಲೆ ಬರೆದು ಅರ್ಧ ಗಂಟೆ ಬಿಡುತ್ತೇನೆ.

ಪೂರ್ತಿ ನಡೆದ ಒಂದು ಉದಾಹರಣೆ ಕೊಡುತ್ತೇನೆ. ಗೋದಾಮಿನಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗ ರಜೆಯ ವಿವರಣೆ ಬರೆಯಬೇಕಾಗಿ ಬಂದು ಫೋನಿನಲ್ಲೇ ನನಗೆ ಕನ್ನಡದಲ್ಲಿ ಕಳಿಸಿದ. “ಉಸ್ತಾದ್, ನಾನು ನಿನ್ನೆ ಬರಲಿಲ್ಲ. ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ. ನಾನು ಸೋಮಾರಿ ಅಲ್ಲ. ಇನ್ನು ಮುಂದೆ ತಡ ಮಾಡುವುದಿಲ್ಲ. ಸಂಬಳದಲ್ಲಿ ಕಡಿತ ಮಾಡಬೇಡಿ.” ಬಾಲಕ್ಕೆ ಗೆರೆ ಎಳೆ, ನೀನೇ ಬರೆ ಎಂದೆ. ಹತ್ತು ನಿಮಿಷದಲ್ಲಿ ಬಂತು: ಲಮ್ ಅಹ್‌ದುರ್ ಅಮ್ಸಿ. ಲಮ್ ಯಕುನ್ ಫೀ ಹಾತಿಫೀ ಶಹ್ನ್. ಲಸ್ತು ಕಸೂಲನ್. ಲನ್ ಅತಅಖ್ಖರ. ಲಾ ತಖ್‌ಸಿಮೂ ಮಿನ್ ರಾತಿಬೀ. ಎರಡನೇ ವಾಕ್ಯದಲ್ಲಿ ಬೇರೆಯವರು ಎಡವುತ್ತಾರೆ. ‘ಇಲ್ಲ’ಕ್ಕೆ ಲೈಸ ಕಲಿತ ಕೂಡಲೇ ‘ಇರಲಿಲ್ಲ’ಕ್ಕೂ ಲೈಸ ಹಾಕುತ್ತಾರೆ. ಬಾಲ ನೋಡಿದವನಿಗೆ ಅಲ್ಲಿ ‘-ಲಿಲ್ಲ’ ಕಾಣುತ್ತದೆ, ಲಮ್ ಯಕುನ್ ತಾನಾಗಿ ಬರುತ್ತದೆ, ಯಕೂನ್ ಎಂದು ಬರೆಯುವುದಿಲ್ಲ. ಕಡಿತ ಆಗಲಿಲ್ಲವಂತೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದ್ದೆ, ಅದು ಸಿಕ್ಕಿದ್ದು ಅಕಸ್ಮಾತ್ತಾಗಿ. ‘ನನ್ನ ಹತ್ತಿರ ದುಡ್ಡಿಲ್ಲ’ ಎಂದರೆ ಲೈಸ ಇಂದೀ ಮಾಲ್. ‘ದುಡ್ಡೇ ಇಲ್ಲ’ ಎಂದರೆ? ಆ ‘ಏ’ ಬಂದ ಕಡೆಯೆಲ್ಲ ಲಾ ಹಾಕಿ, ಹೆಸರಿನ ಕೊನೆಗೆ ತನ್ವೀನ್‌ನ ‘ನ್’ ಇಲ್ಲದೆ ಬರೀ ‘ಅ’ ಎನ್ನುವ ಫತ್ಹ ಕೊಡಿಸಿ ನೋಡಿದೆ: ಲಾ ಮಾಲ ಇಂದೀ. ಸಂಶಯವೇ ಇಲ್ಲ, ಲಾ ಶಕ್ಕ. ಆರಾಧ್ಯನೇ ಇಲ್ಲ, ಲಾ ಇಲಾಹ. ಇಡೀ ಜಾತಿಯನ್ನೇ ಅಲ್ಲಗಳೆಯುವ ಲಾಕ್ಕೆ ನಮ್ಮ ಒಂದು ‘ಏ’ ಸಾಕಾಯಿತು. ನೂರಕ್ಕೆ ನೂರು ಕೂರುವುದಿಲ್ಲ, ಪತ್ರ ಬರೆಯುವ ಮಟ್ಟಿಗೆ ಸಾಕಷ್ಟು ಕೂರುತ್ತದೆ.

‘ಲಸ್ತು ಅದ್ರೀ’ ಎಂದು ಲೈಸದ ಜೊತೆ ಕ್ರಿಯಾಪದ ಬರುವುದೂ ಸರಿಯೇ, ಹರಕೆ ಶಾಪಗಳಲ್ಲಿ ಲಾ ಮಾದಿಯ ಜೊತೆ ಬರುವುದೂ ಸರಿಯೇ. ಅವನ್ನು ನಾನು ಕೇಳಿದವರಿಗೆ ಮಾತ್ರ ಹೇಳುತ್ತೇನೆ. ಕೊನೆಯ ವಾರದಲ್ಲಿ ಐದನ್ನೂ ಬೆರೆಸಿ ಆಡಿಸುವ ಒಂದು ಚೀಟಿ ಆಟವಿದೆ, ಅದು ಕ್ಲಾಸಿಗೆ ಬಂದವರಿಗೆ. ಚಾರ್ಟಿನ ಖರ್ಚು ಈಗ ಇಲ್ಲ. ನೂರಿನ್ನೂರು ರೂಪಾಯಿಯ ನೋಟ್‌ಬುಕ್, ಕೆಂಪು ಪೆನ್ನು, ಅಷ್ಟೇ. ಹಿಂದಿನ ಬ್ಯಾಚಿನಲ್ಲಿ ಇಪ್ಪತ್ತರ ಮೇಲೆ ಸೇರಿದ್ದರು, ನಡುವೆ ಬಿಟ್ಟವರು ಒಬ್ಬಿಬ್ಬರು.

ಈಗ ಕೈ ಹಾಕಿರುವುದು ‘ಇನ್ನೂ ಬಂದಿಲ್ಲ’ಕ್ಕೆ. ‘ಬರಲಿಲ್ಲ’ ಬೇರೆ, ‘ಇನ್ನೂ ಬಂದಿಲ್ಲ’ ಬೇರೆ, ಎರಡನೆಯದಕ್ಕೆ ಲಮ್ಮಾ ಯಅ್‌ತಿ ಅಥವಾ ಲಮ್ ಯಅ್‌ತಿ ಬಅ್‌ದು. ಅಲ್ ಹುಜುರಾತ್‌ನ 14ನೇ ಆಯತ್ತಿನಲ್ಲಿ ಲಮ್ ತುಅ್‌ಮಿನೂ, ಲಮ್ಮಾ ಯದ್‌ಖುಲ್ ಎರಡೂ ಒಟ್ಟಿಗೆ ಇರುವುದರಿಂದ ಪಾಠ ಅಲ್ಲಿಂದಲೇ ಕಟ್ಟುತ್ತಿದ್ದೇನೆ. ತೊಡಕು ಕನ್ನಡದ್ದೇ. ನಮ್ಮ ಹುಡುಗರು ‘ಇನ್ನೂ’ ಹೇಳದೆ ಬರೀ ‘ಬಂದಿಲ್ಲ’ ಅನ್ನುತ್ತಾರೆ, ಆಗ ಲಮ್ ಸಾಕೋ ಲಮ್ಮಾ ಬೇಕೋ ಬಾಲ ನೋಡಿದರೆ ತಿಳಿಯುವುದಿಲ್ಲ. ಸದ್ಯಕ್ಕೆ ‘ಇನ್ನೂ’ ಬರೆಯದವನ ವಾಕ್ಯವನ್ನು ತಿದ್ದದೆ ವಾಪಸ್ ಕೊಡುತ್ತಿದ್ದೇನೆ.