ಐನೂರು ವರ್ಷ ಹಿಂದಿನ ರೈತರ ಬೇಡಿಕೆ ಪಟ್ಟಿ ಓದುವುದು ಹೇಗೆ?

1524ರ ಜೂನ್. ದಕ್ಷಿಣ ಜರ್ಮನಿಯ ಸ್ಟ್ಯುಲಿಂಗೆನ್‌ನಲ್ಲಿ ರೈತರಿಗೆ ಕೈತುಂಬ ಕೆಲಸ. ಅಂಥ ಹೊತ್ತಿನಲ್ಲಿ ಅಲ್ಲಿನ ಒಡೆಯನ ಹೆಂಡತಿ, ನೂಲು ಸುತ್ತಲು ಬಸವನಹುಳುವಿನ ಚಿಪ್ಪು ಆರಿಸಿ ತನ್ನಿ ಎಂದು ಅಪ್ಪಣೆ ಮಾಡಿದಳಂತೆ. ರೈತರು ಬಿಟ್ಟಿ ಚಾಕರಿ ಮಾಡುವುದಿಲ್ಲ ಎಂದು ಕೂತುಬಿಟ್ಟರು. ಮುಂದಿನ ವರ್ಷ ದೊಡ್ಡ ದಂಗೆಯಾಗಿ ಹಬ್ಬಿದ್ದು ಹೀಗೆ ಶುರುವಾಯಿತು. ಆ ದಂಗೆಯಲ್ಲಿ ರೈತರು ಬರೆಸಿದ "ಹನ್ನೆರಡು ಬೇಡಿಕೆಗಳು" ಎಂಬ ಪಟ್ಟಿಯನ್ನು ಹೇಗೆ ಓದಬೇಕು ಎಂದು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಚಿಪ್ಪಿನ ಕಥೆ ನಿಜವೋ, ಆಮೇಲೆ ಕಟ್ಟಿದ್ದೋ, ಇರಲಿ. ಕಥೆಯಲ್ಲಿ ಹಸಿವಿನ ಮಾತೇ ಇಲ್ಲ, ಗಮನಿಸಿದಿರಾ? ಹಾಗಾಗಿ ಮೊದಲ ಹೆಜ್ಜೆ ಇದು: ಯಾವುದೇ ದಂಗೆಯ ಬಗ್ಗೆ ಓದುವಾಗ "ಜನ ಎಷ್ಟು ಬಡವರಾಗಿದ್ದರು" ಅಂತ ಮಾತ್ರ ಕೇಳಬೇಡಿ. "ಹೊಸದಾಗಿ ಏನು ಕಿತ್ತುಕೊಂಡರು" ಅಂತಲೂ ಕೇಳಿ. ಅದೇ ದಕ್ಷಿಣ ಜರ್ಮನಿಯ ಕೆಂಪ್ಟನ್‌ನಲ್ಲಿ ಒಡೆಯ ಎಂದರೆ ಮಠದ ಸ್ವಾಮಿ. ಸ್ವತಂತ್ರರಾಗಿದ್ದ ರೈತರನ್ನು ಮಠ ಒಬ್ಬೊಬ್ಬರನ್ನಾಗಿ ಜೀತಕ್ಕೆ ಇಳಿಸುತ್ತಿತ್ತು. ಜೀತದವರ ಮನೆಯಿಂದ ಹೆಣ್ಣು ತಂದರೆ ಅದೇ ನೆಪ ಸಾಕಿತ್ತು. ಅಪ್ಪನಿಗೆ ಇದ್ದ ಸ್ವಾತಂತ್ರ್ಯ ಮಗನಿಗೆ ಇಲ್ಲ ಎಂದಾದಾಗ ಸಿಟ್ಟು ಬರದೆ ಇರುತ್ತದೆಯೇ?

ಎರಡನೆಯ ಹೆಜ್ಜೆ, ಜನ ಸೇರಿದ್ದು ಯಾವಾಗ ಅಂತ ನೋಡುವುದು. ಬಾಲ್ಟ್ರಿಂಗೆನ್ ಎಂಬ ಹಳ್ಳಿಯ ಸುತ್ತಿನವರು 1525ರ ಫೆಬ್ರುವರಿಯಲ್ಲಿ, ಕ್ರೈಸ್ತರ ಉಪವಾಸದ ದಿನಗಳಿಗೆ ಮುಂಚಿನ ಹಬ್ಬದಲ್ಲಿ, ಊರಿಂದೂರಿಗೆ ಗುಂಪಾಗಿ ತಿರುಗಿದರು. ಚಳಿಗಾಲ, ಹೊಲದಲ್ಲಿ ಕೆಲಸ ಕಡಿಮೆ. ಹಬ್ಬದಲ್ಲಿ ಜನ ಸೇರಿದರೆ ಯಾರಿಗೆ ಅನುಮಾನ ಬರುತ್ತದೆ? ಅವರ ನಾಯಕ ಉಲ್ರಿಖ್ ಶ್ಮಿಡ್ ಒಬ್ಬ ಕಮ್ಮಾರ.

ಮೂರನೆಯದರಲ್ಲಿ ಸ್ವಲ್ಪ ನಿಧಾನಿಸಬೇಕು. ಪಟ್ಟಿ ಬರೆದ ಕೈ ಯಾರದ್ದು? ಒಡೆಯರ ಒಕ್ಕೂಟವಾದ ಸ್ವಾಬಿಯನ್ ಲೀಗ್ ದೂರುಗಳನ್ನು ಬರೆದುಕೊಡಿ ಎಂದಿತು. ಹಳ್ಳಿ ಹಳ್ಳಿಯಿಂದ ಸುಮಾರು 300 ಪಟ್ಟಿಗಳು ಬಂದವು. ಅವನ್ನು ಒಟ್ಟುಮಾಡಲು ಶ್ಮಿಡ್ ಪಕ್ಕದ ಮೆಮ್ಮಿಂಗೆನ್ ಪಟ್ಟಣದಿಂದ ಸೆಬಾಸ್ಟಿಯನ್ ಲೋಟ್ಸರ್‌ನನ್ನು ಹಿಡಿದುಕೊಂಡು ಬಂದ. ಲೋಟ್ಸರ್ ತುಪ್ಪಳದ ಕೆಲಸದವನು, ಬೈಬಲ್ ಚೆನ್ನಾಗಿ ಓದಿಕೊಂಡಿದ್ದವನು. ಮಾರ್ಚ್‌ನಲ್ಲಿ "ಹನ್ನೆರಡು ಬೇಡಿಕೆಗಳು" ಸಿದ್ಧವಾಗಿ ಅಚ್ಚಾದವು.

ಇದರ ಮೊದಲ ಬೇಡಿಕೆ, ನಮ್ಮ ಪಾದ್ರಿಯನ್ನು ನಾವೇ ಆರಿಸುತ್ತೇವೆ ಎನ್ನುವುದು. ಓದಿದವರು "ಓ, ಇದು ಧರ್ಮದ ಜಗಳ" ಎಂದುಬಿಡುತ್ತಾರೆ. ಆದರೆ ಹಳ್ಳಿಯ ಪಟ್ಟಿಗಳನ್ನು ಪಕ್ಕದಲ್ಲಿಟ್ಟು ನೋಡಿ. ಪಾದ್ರಿಯ ಮಾತು ಅಲ್ಲಿ ಅಪರೂಪ, ಜೀತದ ದೂರೇ ಜಾಸ್ತಿ. ಮೊದಲನೆಯ ಸಾಲಿನಲ್ಲಿ ಇದೆ ಎಂದ ಮಾತ್ರಕ್ಕೆ ಅದೇ ಊರವರ ಮೊದಲ ನೋವು ಅಂತ ಹೇಳಲಾಗದು. ಹಾಗಂತ ಬೈಬಲ್ ಮಾತು ಸುಮ್ನೆ ಅಲಂಕಾರವೂ ಅಲ್ಲ. "ಹಿಂದಿನಿಂದ ಬಂದ ರೂಢಿ" ಎಂದು ವಾದಿಸಿದರೆ ಒಡೆಯನೂ ಹಳೆಯ ಕಾಗದ ತೆಗೆಯುತ್ತಿದ್ದ, ಅದೂ ಒಂದೊಂದು ಊರಿಗೆ ಒಂದೊಂದು. ದೇವರ ಮಾತಾದರೆ ಎಲ್ಲ ಊರಿಗೂ ಒಂದೇ ಅಲ್ವಾ? ಬೇರೆ ಬೇರೆ ಒಡೆಯರ ಕೈಕೆಳಗಿದ್ದ ಹಳ್ಳಿಗಳು ಒಂದಾಗಲು ಅದು ನೆರವಾಯಿತು. "ಕ್ರಿಸ್ತ ನಮ್ಮೆಲ್ಲರನ್ನೂ ಬಿಡಿಸಿದ್ದಾನೆ, ಹಾಗಾಗಿ ಜೀತ ಬೇಡ" ಎನ್ನುತ್ತದೆ ಮೂರನೆಯ ಬೇಡಿಕೆ.

ಈಗ ನಾಲ್ಕನೆಯ ಹೆಜ್ಜೆ: ಏನನ್ನು ಕೇಳಿಲ್ಲ ಎಂದು ನೋಡಿ. ಗೇಣಿಯೇ ಬೇಡ ಎಂದು ಅವರು ಹೇಳಲಿಲ್ಲ. ಹೊಲಕ್ಕೆ ಗೇಣಿ ಹೆಚ್ಚಾಗಿದೆ, ನಿಯತ್ತಿನ ಜನ ಬಂದು ನೋಡಿ ಕಟ್ಟಲಿ ಎಂದರು. ಧಾನ್ಯದ ದಶಾಂಶ, ಅಂದರೆ ಹತ್ತರಲ್ಲೊಂದು ಪಾಲು, ಕೊಡುತ್ತೇವೆ, ಅದು ಪಾದ್ರಿಯ ಊಟಕ್ಕೆ ಮತ್ತು ಊರ ಬಡವರಿಗೆ ಹೋಗಲಿ, ಜಾನುವಾರಿನ ಮೇಲಿನದ್ದು ಮಾತ್ರ ಕೊಡುವುದಿಲ್ಲ ಎಂದರು. ಕಾಡು, ಗೋಮಾಳ ಮೊದಲು ಊರಿನವಾಗಿದ್ದವು, ವಾಪಸ್ ಬರಲಿ ಎಂದರು. ತೀರಾ ತೆಗೆದುಹಾಕಿ ಎಂದದ್ದರಲ್ಲಿ ಸಾವಿನ ಸುಂಕವೂ ಒಂದು. ಮನೆಯ ಯಜಮಾನ ಸತ್ತರೆ ಒಡೆಯ ಬಂದು ಕೊಟ್ಟಿಗೆಯ ಒಳ್ಳೆಯ ಪ್ರಾಣಿಯನ್ನು ಹೊಡೆದುಕೊಂಡು ಹೋಗುವ ಪದ್ಧತಿ ಅದು. ಗಂಡ ಹೋದ ಮನೆಯಿಂದ ಹಸುವೂ ಹೋಯಿತು. ಹನ್ನೆರಡನೆಯದು ನನಗೆ ತುಂಬ ಇಷ್ಟ: ಇದರಲ್ಲಿ ಯಾವುದಾದರೂ ತಪ್ಪು ಎಂದು ಬೈಬಲ್‌ನಿಂದ ತೋರಿಸಿ, ಬಿಟ್ಟುಬಿಡುತ್ತೇವೆ.

ಒಂದು ಎಚ್ಚರಿಕೆ. ದಂಗೆ ಹಬ್ಬಿದಂತೆ ಎಲ್ಲ ಕಡೆ ಇದೇ ಸಾತ್ವಿಕ ದನಿ ಉಳಿಯಲಿಲ್ಲ. ಏಪ್ರಿಲ್ 16ರಂದು ವೈನ್ಸ್‌ಬರ್ಗ್‌ನಲ್ಲಿ ಸೆರೆಸಿಕ್ಕ ಕೌಂಟ್ ಪದವಿಯ ಒಡೆಯನನ್ನೂ ಅವನ ಜೊತೆಯವರನ್ನೂ ರೈತರು ಕೊಂದರು.

ಕೊನೆಯದಾಗಿ, ಮಾತುಕತೆಯ ಹೊತ್ತಿನಲ್ಲಿ ಎದುರಿನವರು ಏನು ಮಾಡುತ್ತಿದ್ದರು ಎಂದು ತಾರೀಖು ಇಟ್ಟುಕೊಂಡು ನೋಡಿ. ಲೀಗ್ ದೂರು ಬರೆಸಿಕೊಳ್ಳುತ್ತಾ ದಿನ ತಳ್ಳಿತು. ಅದಕ್ಕೆ ಬೇಕಾದ ಕೂಲಿ ಸೈನಿಕರು ಬಹಳ ಮಂದಿ ಇಟಲಿಯ ಯುದ್ಧದಲ್ಲಿದ್ದರು. ಫೆಬ್ರುವರಿ 24ರಂದು ಪಾವಿಯಾ ಕಾಳಗ ಮುಗಿಯಿತು, ಅವರು ಮರಳತೊಡಗಿದರು. ಏಪ್ರಿಲ್ 4ರಂದು ಲೈಪ್‌ಹೈಮ್ ಬಳಿ ಲೀಗ್‌ನ ಸೈನ್ಯ ರೈತರ ಗುಂಪನ್ನು ಒಡೆದುಹಾಕಿತು. ಆದರೂ ಕೆಂಪ್ಟನ್‌ನ ರೈತರು ಪಟ್ಟು ಬಿಡಲಿಲ್ಲ. 1526ರಲ್ಲಿ ಮಠದ ಸ್ವಾಮಿ ಅವರೊಡನೆ ಒಪ್ಪಂದಕ್ಕೆ ಕೂರಬೇಕಾಯಿತು, ಜೀತದ ಕೆಲವು ಹೊರೆ ಇಳಿಯಿತು.