ನಡುವೆ ಪಾಸ್, ತುದಿಯಲ್ಲಿ ಬಿರುಕು: ಪ್ರಿಸ್ಟ್ರೆಸ್ ಬೀಮ್‌ನಲ್ಲಿ ನನ್ನ ಅನುಭವ

ತುಮಕೂರಿನ ಹತ್ತಿರ ಒಂದು ಪ್ರಿಕಾಸ್ಟ್ ಯಾರ್ಡ್‌ನಲ್ಲಿ ಗೋದಾಮಿನ ಮಹಡಿಗೆ ಬೀಮ್‌ಗಳನ್ನು ಹಾಕುತ್ತಿದ್ದೆವು. ಕಾಂಕ್ರೀಟ್ ಹಾಕುವ ಮೊದಲೇ ಎಳೆದು ಬಿಗಿದಿಟ್ಟ ಉಕ್ಕಿನ ತಂತಿಹಗ್ಗಗಳೇ ಸ್ಟ್ರಾಂಡ್; ಕಾಂಕ್ರೀಟ್ ಗಟ್ಟಿಯಾದ ಮೇಲೆ ಅವನ್ನು ಕತ್ತರಿಸಿದರೆ ಆ ಎಳೆತ ಬೀಮ್‌ಗೆ ಒತ್ತಾಗಿ ದಾಟುತ್ತದೆ. ಮೊದಲ ಬೀಮ್‌ನ ಸ್ಟ್ರಾಂಡ್ ಕತ್ತರಿಸಿ ಅರ್ಧ ಗಂಟೆ ಆಗಿತ್ತು. ಫೋರ್‌ಮನ್ ಬಂದು, "ಸಾರ್, ಇಲ್ಲಿ ಸ್ವಲ್ಪ ನೋಡಿ" ಅಂದರು. ಬೀಮ್ ಮೇಲೆ ನೀರು ಚೆಲ್ಲಿದರು. ಮೇಲ್ಮೈ ಒಣಗುತ್ತಾ ಬಂದಂತೆ ಒಂದು ಸಣ್ಣ ಗೆರೆ ಮಾತ್ರ ಒದ್ದೆಯಾಗಿಯೇ ಉಳಿಯಿತು. ತುದಿಯಿಂದ ಸುಮಾರು ಮುಕ್ಕಾಲು ಮೀಟರ್ ಒಳಗೆ, ಬೀಮ್‌ಗೆ ಅಡ್ಡಲಾಗಿ. ಆಚೆ ತುದಿಯಲ್ಲೂ ಅಷ್ಟೇ ದೂರದಲ್ಲಿ ಅಂಥದ್ದೇ ಇನ್ನೊಂದು. ಡಿಸೈನ್ ನನ್ನದೇ ಆಗಿತ್ತು, ಹಾಗಾಗಿ ಆ ಸಂಜೆ ಲೆಕ್ಕದ ಹಾಳೆಗಳನ್ನು ತೆಗೆದು ಮೊದಲಿನಿಂದ ಕೂತೆ.

ಬೀಮ್ 300 x 600 ಎಂಎಂ, ಆಯತ, ಸ್ಪಾನ್ 10 ಮೀಟರ್, ಎರಡೂ ಕಡೆ ಸುಮ್ನೆ ಕೂತಿರುತ್ತದೆ. ಕಾಂಕ್ರೀಟ್ ಎಂ45. ಕೆಳಗೆ 12.7 ಎಂಎಂ ಸ್ಟ್ರಾಂಡ್ 8, ನೆಟ್ಟಗೆ ಎಳೆದವು: ತಳದಿಂದ 60 ಎಂಎಂ ಎತ್ತರದಲ್ಲಿ ನಾಲ್ಕು, 140ರಲ್ಲಿ ನಾಲ್ಕು. ಅಂದರೆ ಅವುಗಳ ಮಧ್ಯಬಿಂದು ತಳದಿಂದ 100, ಬೀಮ್‌ನ ನಡುಎತ್ತರದಿಂದ ಎಕ್ಸೆಂಟ್ರಿಸಿಟಿ 200 ಎಂಎಂ. ಒಂದೊಂದು ಸ್ಟ್ರಾಂಡ್ ತುಂಡಾಗುವುದು 183.7 ಕಿಲೋನ್ಯೂಟನ್‌ಗೆ. ಪ್ರಿಸ್ಟ್ರೆಸ್ ಕಾಂಕ್ರೀಟಿನ ಕೋಡ್ ಐಎಸ್ 1343 ಎಳೆಯುವಾಗ ಅದರ 76% ತನಕ ಬಿಡುತ್ತದೆ, ನಾನು 75% ಇಟ್ಟುಕೊಂಡೆ. ಹಾಗಾಗಿ ಸ್ಟ್ರಾಂಡ್‌ನಲ್ಲಿ 1395 ಎಂಪಿಎ, ಎಂಟಕ್ಕೂ ಸೇರಿ ಸುಮಾರು 1100 ಕಿಲೋನ್ಯೂಟನ್. ಯಾರ್ಡ್‌ನಲ್ಲಿ ಇದನ್ನು ಗೇಜ್ ಒಂದರಿಂದಲೇ ನಂಬಬಾರದು, ಉದ್ದ ಎಷ್ಟು ಹಿಗ್ಗಿತು ಅಂತಲೂ ಅಳೆಯಬೇಕು. ಸ್ಟ್ರಾಂಡ್ ಎಳೆಯುವ 60 ಮೀಟರ್ ಬೆಡ್‌ನಲ್ಲಿ ಸುಮಾರು 430 ಎಂಎಂ ಬರಬೇಕು. ನಮ್ಮಲ್ಲಿ ಎರಡೂ ಹೊಂದಿದ್ದವು. ಎಳೆತದಲ್ಲಿ ತಪ್ಪಿರಲಿಲ್ಲ.

ಸ್ಟ್ರಾಂಡ್ ಬಿಟ್ಟ ಕೂಡಲೇ ಬೀಮ್ ತುಸು ಕುಗ್ಗುತ್ತದೆ, ಅದರ ಜೊತೆ ಸ್ಟ್ರಾಂಡ್ ಕೂಡ ಸಡಿಲವಾಗುತ್ತದೆ. ಇದು ಮೊದಲ ನಷ್ಟ. ಅವತ್ತು ಪರೀಕ್ಷೆಯ ಕ್ಯೂಬ್ 32 ಎಂಪಿಎ ತೋರಿಸಿತ್ತು. ಸ್ಟ್ರಾಂಡ್ ಮಟ್ಟದಲ್ಲಿ ಕಾಂಕ್ರೀಟಿನ ಒತ್ತಡವನ್ನು ಉಕ್ಕು-ಕಾಂಕ್ರೀಟ್ ಇಲಾಸ್ಟಿಕ್ ಮಾಡ್ಯುಲಸ್ ಅನುಪಾತದಿಂದ (ಇಲ್ಲಿ ಸುಮಾರು 6.9) ಗುಣಿಸಿದರೆ 80 ಎಂಪಿಎ ಹತ್ತಿರ ಬರುತ್ತದೆ, ಅಂದರೆ 6%. ಉಳಿದದ್ದು 1038 ಕಿಲೋನ್ಯೂಟನ್. ಇನ್ನು ಒತ್ತಡದ ಲೆಕ್ಕ ಇಷ್ಟೇ, P ಸ್ಟ್ರಾಂಡ್‌ಗಳ ಬಲ, A ಬೀಮ್‌ನ ಅಡ್ಡಕೊಯ್ತದ ವಿಸ್ತೀರ್ಣ, e ಎಕ್ಸೆಂಟ್ರಿಸಿಟಿ, Z ಸೆಕ್ಷನ್ ಮಾಡ್ಯುಲಸ್, M ಮೊಮೆಂಟ್; ಪ್ಲಸ್ ಬಂದರೆ ಒತ್ತು, ಮೈನಸ್ ಬಂದರೆ ಎಳೆತ:

```
ಮೇಲೆ : P/A - P*e/Z + M/Z
ಕೆಳಗೆ : P/A + P*e/Z - M/Z
```

ನಾನು ಮಾಡಿದ್ದು ಬೀಮ್‌ನ ನಡುಮಧ್ಯದ ಚೆಕ್. ಬೀಮ್‌ನ ಸ್ವಂತ ತೂಕ ಮೀಟರಿಗೆ 4.5 ಕಿಲೋನ್ಯೂಟನ್, ಅದರ ಮೊಮೆಂಟ್ ನಡುವೆ 56 ಕಿಲೋನ್ಯೂಟನ್-ಮೀಟರ್, ಒತ್ತಡದಲ್ಲಿ 3.1 ಎಂಪಿಎ. ಮೇಲೆ ಬಂದದ್ದು 2.6 ಎಳೆತ, ನಾನು ಹಿಡಿದ ಮಿತಿ 3. ಕೆಳಗೆ 14.2 ಒತ್ತು, ಮಿತಿ ಆ ದಿನದ ಬಲದ ಸುಮಾರು ಅರ್ಧ, ಅಂದರೆ 16. ಪಾಸ್ ಅಂತ ಟಿಕ್ ಹಾಕಿ ಮುಂದೆ ಹೋಗಿದ್ದೆ.

ಆದರೆ ಸ್ಟ್ರಾಂಡ್ ನೆಟ್ಟಗಿದೆ. ತುದಿಯಲ್ಲೂ ಅದೇ ಬಲ, ಅದೇ 200 ಎಂಎಂ. ನಡುವೆ ಮೇಲಿನ ಎಳೆತವನ್ನು ತಗ್ಗಿಸುತ್ತಿದ್ದದ್ದು ಸ್ವಂತ ತೂಕದ ಮೊಮೆಂಟ್. ಅದು ತುದಿಯ ಹತ್ತಿರ ಇಲ್ಲವೆನ್ನುವಷ್ಟು ಕಡಿಮೆ! ಸ್ಟ್ರಾಂಡ್ ತನ್ನ ಪೂರ್ತಿ ಬಲವನ್ನು ಕಾಂಕ್ರೀಟಿಗೆ ದಾಟಿಸಲು ವ್ಯಾಸದ 50-60 ಪಟ್ಟು ಉದ್ದ ಬೇಕು ಅಂತ ನಾನು ಹಿಡಿಯುತ್ತೇನೆ, ಇಲ್ಲಿ ಸುಮಾರು 0.7 ಮೀಟರ್. ಆ ಜಾಗದಲ್ಲಿ ಸ್ವಂತ ತೂಕ ಕೊಡುವುದು ಬರೀ 0.8 ಎಂಪಿಎ. ಮೇಲೆ ಎಳೆತ 5 ಎಂಪಿಎ. 32 ಎಂಪಿಎ ಕಾಂಕ್ರೀಟ್ ಬಿರುಕು ಬಿಡುವುದು 4ರ ಹತ್ತಿರ. ಒಣಗದೆ ಉಳಿದ ಆ ಗೆರೆ ಸರಿಯಾಗಿ ಅಲ್ಲೇ ಇತ್ತು. ಕೆಳಗಿನ ಒತ್ತು ಕೂಡ ಅಲ್ಲಿ 16.5, ಅದೂ ಮಿತಿ ದಾಟಿತ್ತು.

"ಲೋಡ್ ಬಂದ ಮೇಲೆ ಮುಚ್ಚಿಕೊಳ್ಳುತ್ತದೆ ಬಿಡಿ" ಅಂತ ಒಬ್ಬರು ಹೇಳಿದರು. ನಡುವಿನ ಬಿರುಕಾದರೆ ನಿಜ, ಬಳಕೆಯ ಲೋಡ್ ಬರುವ ಸರ್ವೀಸ್‌ನಲ್ಲಿ ಅಲ್ಲಿ ಮೇಲ್ಭಾಗ ಚೆನ್ನಾಗಿ ಒತ್ತಿಗೆ ಬರುತ್ತದೆ. ತುದಿಯಲ್ಲಿ ಲೋಡ್‌ನ ಮೊಮೆಂಟ್ ಕೂಡ ಕಡಿಮೆ ಅಲ್ವಾ? ಲೆಕ್ಕ ಹಾಕಿದೆ, ಪೂರ್ತಿ ಲೋಡ್ ಬಂದಾಗಲೂ ಅಲ್ಲಿ ಮೇಲೆ ಸ್ವಲ್ಪ ಎಳೆತ ಉಳಿಯುತ್ತದೆ. ಆ ಬಿರುಕು ಮುಚ್ಚುವುದಿಲ್ಲ, ಅದೂ ಶಿಯರ್ ಹೆಚ್ಚಿರುವ ಜಾಗದಲ್ಲೇ. ಆ ಬೀಮ್ ಅನ್ನು ಪಕ್ಕಕ್ಕೆ ಇಡಿಸಿದೆ.

ಸ್ಟ್ರಾಂಡ್ ಕಡಿಮೆ ಮಾಡೋಣ ಅಂದರೆ ಸರ್ವೀಸ್ ಬಿಡುವುದಿಲ್ಲ. ಅಲ್ಲಿ ನಷ್ಟ ಪೂರ್ತಿ ಎಣಿಸಬೇಕು. ಮೊದಲ 80ರ ಜೊತೆ ಕಾಂಕ್ರೀಟ್ ಒಣಗಿ ಕುಗ್ಗುವುದಕ್ಕೆ 58 (0.0003 ಶ್ರಿಂಕೇಜ್ ಹಿಡಿದು), ಒತ್ತಿನಡಿ ಕಾಂಕ್ರೀಟ್ ನಿಧಾನವಾಗಿ ಕುಗ್ಗುವ ಕ್ರೀಪ್‌ಗೆ 110, ಎಳೆದ ಸ್ಟ್ರಾಂಡ್ ಕಾಲಕ್ರಮೇಣ ಸಡಿಲವಾಗುವ ರಿಲಾಕ್ಸೇಶನ್‌ಗೆ 70. ಒಟ್ಟು 318 ಎಂಪಿಎ, ಸುಮಾರು 23%. ಉಳಿಯುವ ಬಲ 850 ಕಿಲೋನ್ಯೂಟನ್. ಸ್ವಂತ ತೂಕದ ಮೇಲೆ ಇನ್ನೂ 15 ಕಿಲೋನ್ಯೂಟನ್ ಪ್ರತಿ ಮೀಟರಿಗೆ ಬಂದಾಗ ನಡುವೆ ಕೆಳಗೆ 14.2 ಒತ್ತು, 13.5 ಎಳೆತ, ಉಳಿಕೆ ಸುಮಾರು 0.6 ಒತ್ತು. ಒಂದು ಸ್ಟ್ರಾಂಡ್ ತೆಗೆದರೂ ಅಲ್ಲಿ ಎಳೆತ ಬರುತ್ತದೆ, ನನಗೆ ಅದು ಬೇಡವಾಗಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ನಷ್ಟವನ್ನು ಜಾಸ್ತಿ ಹಿಡಿದರೆ ಸೇಫ್ ಅಂತ ನಮ್ಮಲ್ಲಿ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಸರ್ವೀಸ್ ಚೆಕ್‌ಗೆ ಅದು ಸರಿ. ಸ್ಟ್ರಾಂಡ್ ಬಿಡುವ ಹೊತ್ತಿನಲ್ಲಿ, ಅಂದರೆ ಟ್ರಾನ್ಸ್‌ಫರ್‌ನಲ್ಲಿ, ಉಲ್ಟಾ: ಅಲ್ಲಿ ಬೀಮ್ ಅನ್ನು ನೋಯಿಸುವುದೇ ಪ್ರಿಸ್ಟ್ರೆಸ್, ನಷ್ಟ ಜಾಸ್ತಿ ಹಿಡಿದಷ್ಟೂ ಬಿರುಕು ಹಾಳೆಯಲ್ಲಿ ಕಾಣದೆ ಹೋಗುತ್ತದೆ. ಹಾಗಾಗಿ ಎರಡಕ್ಕೂ ಒಂದೇ 20% ಹಾಕಿ ಮುಗಿಸಬೇಡಿ.

ನಾನು ಕೊನೆಗೆ ಮಾಡಿದ್ದು ಕೆಳಸಾಲಿನ ಎರಡು ಸ್ಟ್ರಾಂಡ್‌ಗೆ ತುದಿಗಳಲ್ಲಿ ಪ್ಲಾಸ್ಟಿಕ್ ಸ್ಲೀವ್ ಹಾಕಿಸಿದ್ದು. ಸ್ಲೀವ್ ಇರುವಷ್ಟು ಉದ್ದ ಕಾಂಕ್ರೀಟ್ ಅಂಟುವುದಿಲ್ಲ, ಬಲವೂ ದಾಟುವುದಿಲ್ಲ. ತುದಿಯಲ್ಲಿ ಕೆಲಸ ಮಾಡುವುದು ಆರು ಸ್ಟ್ರಾಂಡ್, ಮಧ್ಯಬಿಂದುವೂ ತುಸು ಮೇಲೇರುತ್ತದೆ. 0.7 ಮೀಟರ್‌ನಲ್ಲಿ ಎಳೆತ 5ರಿಂದ 3ಕ್ಕೆ ಇಳಿಯಿತು. ಸ್ಲೀವ್ ಎಷ್ಟು ಉದ್ದ? ಎಂಟೂ ಪೂರ್ತಿ ದುಡಿದರೆ ಮೇಲೆ ಎಳೆತ 3ರ ಒಳಗೆ ನಿಲ್ಲಲು ಸ್ವಂತ ತೂಕ 2.8 ಎಂಪಿಎ ಕೊಡಬೇಕು, ಅದು ಸಿಗುವುದು ತುದಿಯಿಂದ 3.3 ಮೀಟರ್‌ನಲ್ಲಿ. ಅದರಲ್ಲಿ 0.7 ಕಳೆದು 2.6 ಮೀಟರ್ ಸ್ಲೀವ್. ಅದು ಮುಗಿಯುವ ಜಾಗದಲ್ಲಿ ಸರ್ವೀಸ್ ಚೆಕ್ ಕೂಡ ಮಾಡಿದೆ, ಕೆಳಗೆ 0.3 ಎಳೆತ ಬಂತು, ಒಪ್ಪಿಕೊಂಡೆ. ಸ್ಲೀವ್‌ನ ಬಾಯಿಗೆ ಟೇಪ್ ಸುತ್ತುವುದನ್ನು ಮಾತ್ರ ನಾನೇ ನಿಂತು ನೋಡಿದೆ. ಸಿಮೆಂಟ್ ಹಾಲು ಒಳಗೆ ಇಳಿದರೆ ಸ್ಟ್ರಾಂಡ್ ಅಲ್ಲೇ ಅಂಟಿಕೊಳ್ಳುತ್ತದೆ, ಮತ್ತೆ ಮೊದಲಿನ ಕಥೆ.

ಎತ್ತುವ ಕೊಕ್ಕೆಯನ್ನೂ ಬದಲಿಸಿದೆ. ಮೊದಲು ತುದಿಯಿಂದ 1.5 ಮೀಟರ್ ಒಳಗಿತ್ತು. ಹಾಗೆ ಎತ್ತಿದರೆ ನಡುವಿನ ಸ್ವಂತ ತೂಕದ ಮೊಮೆಂಟ್ 56ರಿಂದ 22ಕ್ಕೆ ಇಳಿಯುತ್ತದೆ, ಮೇಲೆ ಎಳೆತ 4.5, ಆಗ ನಡುವೆಯೂ ಬಿರುಕು. ಕೊಕ್ಕೆಯನ್ನು 0.5 ಮೀಟರ್‌ಗೆ ತಂದರೆ 3.3. ಅದು 3ಕ್ಕಿಂತ ತುಸು ಜಾಸ್ತಿ ಅಂತ ಮೇಲೆ ಎರಡು 16 ಎಂಎಂ ರಾಡ್ ಉದ್ದಕ್ಕೂ ಹಾಕಿಸಿ, ಬೀಮ್ ಅನ್ನು ಮಾರನೇ ದಿನ ಎತ್ತಿಸಿದೆ. ಫೋರ್‌ಮನ್ ಮತ್ತೆ ನೀರು ಚೆಲ್ಲಿದರು. ಎರಡೂ ತುದಿ, ನಡು, ಎಲ್ಲಾ ಕಡೆ ಒಂದೇ ಸಮ ಒಣಗಿತು.